ಗೆರೆ ಇರುವುದು 1200 ಸಿ.ಸಿ.ಯಲ್ಲಿ

ಪ್ರಶ್ನೆ: ನಾನು ಕಾಸರಗೋಡಿನವನು. ನೋಡಿಟ್ಟಿರುವ ಎರಡೂ ಪೆಟ್ರೋಲ್ ಕಾರುಗಳು ನಾಲ್ಕು ಮೀಟರಿನೊಳಗೇ ಇವೆ. ಆದರೂ ಒಂದಕ್ಕೆ ಶೇ. 18, ಇನ್ನೊಂದಕ್ಕೆ ಶೇ. 40 ತೆರಿಗೆ ಎನ್ನುತ್ತಾರೆ. ಇದು ಸೆಸ್ಸಿನ ಕಾರಣವೇ? ಮಂಗಳೂರಿನಲ್ಲಿ ಕೊಂಡರೆ ಕಡಿಮೆಯಾದೀತೇ?

ಕಳೆದ ವರ್ಷದ ಕೊನೆಗೆ ನಮ್ಮ ಮಾವನ ಜೊತೆ ಇದೇ ಲೆಕ್ಕ ಹಾಕಿ ಕುಳಿತಿದ್ದೆ. ಶೋರೂಮಿನ ಹುಡುಗ ದರದ ಚೀಟಿ ಚಾಚಿ, 'ಇದಕ್ಕೆ ಸೆಸ್ ಜಾಸ್ತಿ ಸರ್' ಎಂದ. ಚೀಟಿಯಲ್ಲಿ ಸೆಸ್ ಎಂಬ ಸಾಲೇ ಇರಲಿಲ್ಲ. ಇರುವುದೂ ಸಾಧ್ಯವಿರಲಿಲ್ಲ, ಕಾರಿನ ಮೇಲಿನ ಪರಿಹಾರ ಸೆಸ್ 2025ರ ಸೆಪ್ಟೆಂಬರ್ 22ರಿಂದ ಹೋಗಿದೆ. ಹುಡುಗನ ಬಾಯಲ್ಲಿ ಹಳೆಯ ಪಾಠ ಉಳಿದಿತ್ತು, ಅಷ್ಟೇ.

ಕಾರಿನ ಜಿ.ಎಸ್‌.ಟಿ.ಗೆ ಈಗ ಇರುವುದು ಎರಡೇ ದರ, 18 ಮತ್ತು 40 (ವಿದ್ಯುತ್ ಕಾರಿಗೆ ಮಾತ್ರ 5). ಹದಿನೆಂಟರಲ್ಲಿ ಉಳಿಯಬೇಕಾದರೆ ಪೆಟ್ರೋಲ್ ಅಥವಾ ಸಿ.ಎನ್‌.ಜಿ. ಕಾರಿನ ಉದ್ದ 4000 ಮಿ.ಮೀ. ಮೀರಬಾರದು, ಎಂಜಿನ್ 1200 ಸಿ.ಸಿ. ಮೀರಬಾರದು. ಎರಡು ಷರತ್ತೂ ಒಟ್ಟಿಗೆ ಕೂಡಬೇಕು. ನೀವು ಉದ್ದವನ್ನಷ್ಟೇ ನೋಡಿದ್ದೀರಿ. ಉದಾಹರಣೆಗೆ, ನೆಕ್ಸಾನ್ ಮತ್ತು ಬ್ರೆಝಾ ಎರಡೂ 3995 ಮಿ.ಮೀ. ಉದ್ದದವು. ಆದರೆ ನೆಕ್ಸಾನಿನ ಪೆಟ್ರೋಲ್ ಎಂಜಿನ್ 1199 ಸಿ.ಸಿ., ಬ್ರೆಝಾದ್ದು 1462. ಹಾಗಾಗಿ ಎರಡನೆಯದು ನಲವತ್ತಕ್ಕೆ ಹೋಯಿತು. ಡೀಸೆಲ್ ಕಾರಿಗೆ ಮಿತಿ 1500 ಸಿ.ಸಿ. ಆದ್ದರಿಂದ 1493 ಸಿ.ಸಿ. ಡೀಸೆಲ್ ಎಂಜಿನ್ನಿನ ಸೋನೆಟ್ ಹದಿನೆಂಟರಲ್ಲೇ ಕುಳಿತಿದೆ, ಅದಕ್ಕಿಂತ ಚಿಕ್ಕ ಪೆಟ್ರೋಲ್ ಎಂಜಿನ್ ನಲವತ್ತು ತೆರುತ್ತಿದೆ. ನ್ಯಾಯವೇ ಎಂದು ನನ್ನನ್ನು ಕೇಳಬೇಡಿ. ಗೆರೆ ಹಳೆಯದು: 2006ರ ಬಜೆಟ್ಟಿನಲ್ಲಿ ಸಣ್ಣ ಕಾರಿಗೆ ಅಬಕಾರಿ ಸುಂಕ ಇಳಿಸುವಾಗ ಎಳೆದದ್ದು. ಡಿಝೈರ್ 2012ರಲ್ಲಿ ಬಾಲ ಮೊಟಕು ಮಾಡಿಕೊಂಡು 3995ಕ್ಕೆ ಬಂದದ್ದೂ ಈ ಗೆರೆಯ ಒಳಗೆ ನುಸುಳುವುದಕ್ಕೇ.

ಈಗ ದುಡ್ಡಿನ ಮಾತು. ತೆರಿಗೆ ಸೇರುವ ಮೊದಲು ಎರಡೂ ಕಾರಿಗೆ 8 ಲಕ್ಷ ಎಂದಿಟ್ಟುಕೊಳ್ಳಿ. ಶೇ. 18 ಸೇರಿದರೆ 9.44 ಲಕ್ಷ, ಶೇ. 40 ಸೇರಿದರೆ 11.20 ಲಕ್ಷ. ಅಂತರ 1.76 ಲಕ್ಷ. ಸೆಸ್ ಇದ್ದ ಕಾಲದಲ್ಲಿ ಮೊದಲನೆಯದಕ್ಕೆ ಒಟ್ಟು ಶೇ. 29, ಎರಡನೆಯದಕ್ಕೆ 45 ಬೀಳುತ್ತಿತ್ತು. ಆಗಿನ ಅಂತರ 1.28 ಲಕ್ಷ. ಅಂದರೆ ಎರಡೂ ಅಗ್ಗವಾದವು, ನಡುವಿನ ಕಂದಕ ಮಾತ್ರ ಅಗಲವಾಯಿತು. ನಿಜವಾದ ಚೀಟಿಯಲ್ಲಿ ಇಷ್ಟು ಅಂತರ ಕಾಣಿಸದೆಯೂ ಇರಬಹುದು. ದೊಡ್ಡ ಎಂಜಿನ್ನಿನ ಕಂಪನಿ ತೆರಿಗೆಗೆ ಮುಂಚಿನ ಬೆಲೆಯನ್ನೇ ತಗ್ಗಿಸಿ, ಸವಲತ್ತು ಒಂದೆರಡು ಕಳೆದು, ಎದುರಾಳಿಯ ಹತ್ತಿರ ನಿಲ್ಲುತ್ತದೆ.

ನಮ್ಮ ಕಡೆಯವರು ಲೆಕ್ಕ ತಪ್ಪುವುದು ಇದರ ನಂತರ. ಜಿ.ಎಸ್‌.ಟಿ. ಸೇರಿದ ಬೆಲೆಯ ಮೇಲೆ ಕೇರಳದ ರಸ್ತೆ ತೆರಿಗೆ ಬೀಳುತ್ತದೆ: 5ರಿಂದ 10 ಲಕ್ಷದವರೆಗೆ ಶೇ. 13, 10ರಿಂದ 15 ಲಕ್ಷದವರೆಗೆ ಶೇ. 15. ಆದಾಯ ತೆರಿಗೆಯಂತೆ ಹಂತ ಹಂತವಾಗಿ ಅಲ್ಲ, ಇಡೀ ಬೆಲೆಗೆ ಒಂದೇ ದರ. ಮೇಲಿನ ಮೊದಲ ಕಾರಿಗೆ 1,22,720 ರೂಪಾಯಿ, ಎರಡನೆಯದಕ್ಕೆ 1,68,000. ಎಂಜಿನ್ನಿನ ಕಾರಣಕ್ಕೆ ಬೆಳೆದ ಬೆಲೆ ರಸ್ತೆ ತೆರಿಗೆಯ ಮೇಲಿನ ಮೆಟ್ಟಿಲನ್ನೂ ಹತ್ತಿತು, ಅಂತರ 1.76 ಲಕ್ಷದಿಂದ 2.21 ಲಕ್ಷಕ್ಕೆ ಏರಿತು. 10 ಲಕ್ಷ ದಾಟಿದ ಕಾರಿಗೆ ಶೇ. 1 ಟಿ.ಸಿ.ಎಸ್. ಕೂಡ ಹಿಡಿಯುತ್ತಾರೆ. ಅದು ಖರ್ಚಲ್ಲ, ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಚೀಟಿಯಲ್ಲಿ ಅದನ್ನು ಕಂಡು ಮಾವ ಕೂಗಾಡಿದ್ದರು.

ಮಂಗಳೂರಿಗೆ ಹೋದರೆ ಜಿ.ಎಸ್‌.ಟಿ. ದರ ಬದಲಾಗುವುದಿಲ್ಲ, ದೇಶಕ್ಕೆಲ್ಲ ಒಂದೇ. ರಸ್ತೆ ತೆರಿಗೆ ನಿಮ್ಮ ವಿಳಾಸವನ್ನು ಹಿಂಬಾಲಿಸುತ್ತದೆ: ಅಲ್ಲಿಂದ ತಾತ್ಕಾಲಿಕ ನೋಂದಣಿಯಲ್ಲಿ ತಲಪಾಡಿ ದಾಟಿ ಬಂದು, ಇಲ್ಲಿ ಕೆ.ಎಲ್‌.14 ಮಾಡಿಸುವಾಗ ಕೇರಳಕ್ಕೇ ಕಟ್ಟಬೇಕು. ವ್ಯಾಪಾರಿ ಕೊಡುವ ರಿಯಾಯಿತಿಗಾಗಿ ಬೇಕಾದರೆ ಹೋಗಿ.

ಚೀಟಿ ಕೈಗೆ ಬಂದಾಗ 'ಒಂದೂವರೆ ಲೀಟರ್', 'ಒಂದು ಪಾಯಿಂಟ್ ಎರಡು' ಎಂಬ ಮಾತು ನಂಬದೆ ಸಿ.ಸಿ. ಅಂಕಿಯನ್ನೇ ಓದಿ. ಆಮೇಲೆ ಜಿ.ಎಸ್‌.ಟಿ. ಸೇರಿದ ಬೆಲೆ ಹತ್ತು ಲಕ್ಷದ ಯಾವ ಬದಿಗಿದೆ ನೋಡಿ. 9.95 ಲಕ್ಷದ ಮಾದರಿಗೆ ರಸ್ತೆ ತೆರಿಗೆ 1,29,350 ರೂಪಾಯಿ, 10.05 ಲಕ್ಷದ್ದಕ್ಕೆ 1,50,750. ಹತ್ತು ಸಾವಿರದ ಅಲಾಯ್ ಚಕ್ರಕ್ಕೆ ಆಸೆಪಟ್ಟು ಇಪ್ಪತ್ತೊಂದು ಸಾವಿರ ತೆರಿಗೆ ಕಟ್ಟಿದವರು ನಮ್ಮ ಮಾವ.