ಚಹಾ ಕುಡಿಯುವಾಗ ಬಂದ ಮಾತು

ಪ್ರಶ್ನೆ: ನಮ್ಮ ಸಂಘದ ಸಭೆಯ ನಡಾವಳಿ ನಾನೇ ಬರೀತೀನಿ. ಹರಟೆ, ಅಡ್ಡ ಮಾತು, "ಇದು ಬರೀಬೇಡಿ" ಅಂದದ್ದು ಇವನ್ನೆಲ್ಲ ಬಿಟ್ಟುಬಿಡಬಹುದಾ?

ಹರಟೆ ಬಿಡಿ. ಆದರೆ "ಬರೀಬೇಡಿ" ಅಂದರು ಅಂತ ಯಾವುದನ್ನೂ ಸುಮ್ನೆ ಬಿಡಬೇಡಿ. ನನಗೆ ಏಟು ಬಿದ್ದದ್ದು ಅಲ್ಲೇ.

ಕಲಬುರಗಿ ಹತ್ತಿರದ ಒಂದು ರೈತರ ಸಹಕಾರ ಸಂಘದಲ್ಲಿ ನಾನು ಕಾರ್ಯದರ್ಶಿ ಆಗಿದ್ದೆ. ತೊಗರಿ ಇಡೋಕೆ ಆರು ತಿಂಗಳಿಗೆ ಗೋದಾಮು ಬೇಕಿತ್ತು. ಒಂದು ಗೋದಾಮಿನ ಬಾಡಿಗೆ ತಿಂಗಳಿಗೆ 14,000, ಇನ್ನೊಂದರದ್ದು 17,500. ಚಹಾ ಬಂತು. ಕುಡಿಯುತ್ತಾ ಒಬ್ಬ ನಿರ್ದೇಶಕರು, "ಆ ಸಸ್ತಾದ್ದರ ಪತ್ರಾಸ ಸೋರ್ತದ್ರಿ, ನಾ ಹೋಗಿ ನೋಡೀನಿ" ಅಂದರು. ಎಲ್ಲರೂ ಜಾಸ್ತಿ ಬಾಡಿಗೆಯದನ್ನೇ ಒಪ್ಪಿದರು. ಆಗ ಇನ್ನೊಬ್ಬ ನಿರ್ದೇಶಕರು ನನ್ನ ಕಡೆ ಬಗ್ಗಿ, "ಇದು ಬರಿಬ್ಯಾಡ್ರಿ ಸರ, ಆ ಗೋದಾಮು ನಮ್ಮ ಅಳಿಯಂದು" ಅಂದರು.

ನಾನು ಎರಡನ್ನೂ ಬಿಟ್ಟೆ. ಒಂದು ಚಹಾ ಹೊತ್ತಿನ ಮಾತು, ಇನ್ನೊಂದು ಗುಟ್ಟಿನ ಮಾತು ಅಂದುಕೊಂಡೆ. ಪುಸ್ತಕದಲ್ಲಿ ಉಳಿದದ್ದು "ಚರ್ಚಿಸಿ, 17,500ರ ಗೋದಾಮು ಪಡೆಯಲು ಠರಾವು ಮಾಡಲಾಯಿತು" ಅಷ್ಟೇ. ಲೆಕ್ಕ ತಪಾಸಣೆಗೆ ಬಂದವರಿಗೆ ಕಂಡದ್ದು 21,000 ರೂಪಾಯಿ ಹೆಚ್ಚು ಖರ್ಚು. ಕಾರಣ ಎಲ್ಲೂ ಇಲ್ಲ. ಅಳಿಯನ ವಿಷಯ ಊರಲ್ಲಿ ಎಲ್ಲರಿಗೂ ಗೊತ್ತು, ಪುಸ್ತಕದಲ್ಲಿ ಮಾತ್ರ ಇಲ್ಲ. ನ್ಯಾಯವಾಗಿ ತಗೊಂಡ ತೀರ್ಮಾನ ಸಂಬಂಧಿಕನಿಗೆ ಮಾಡಿಕೊಟ್ಟ ಅನುಕೂಲದಂತೆ ಕಾಣಿಸಿತು. ಸೋರುವ ಪತ್ರಾಸದ ಬಗ್ಗೆ ಬಾಯಿಮಾತಲ್ಲಿ ಹೇಳಿದೆ. "ಬರೆದಿದ್ದೀರಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾತು ಯಾವಾಗ ಬಂತು, ಯಾವ ದನಿಯಲ್ಲಿ ಬಂತು ಅಂತ ನೋಡಿ ಬಿಟ್ಟದ್ದೇ ನನ್ನ ತಪ್ಪು. ಆ ಮಾತು ಇಲ್ಲದಿದ್ದರೆ ಇದೇ ತೀರ್ಮಾನ ಆಗುತ್ತಿತ್ತಾ ಅಂತ ಕೇಳಿಕೊಳ್ಳಬೇಕಿತ್ತು. ಪತ್ರಾಸದ ಮಾತು ಇಲ್ಲದಿದ್ದರೆ 14,000ದ್ದನ್ನೇ ಹಿಡಿಯುತ್ತಿದ್ದೆವು. ಹಾಗಾಗಿ ಅದು ಹರಟೆ ಅಲ್ಲ, ಠರಾವಿನ ಕಾರಣ. "ಮೊದಲ ಗೋದಾಮಿನ ಪತ್ರಾಸ ಸೋರುವುದರಿಂದ ತೊಗರಿ ಹಾಳಾಗುವ ಸಂಭವವಿದೆ" ಅಂತ ಒಂದು ಸಾಲು ಸಾಕಿತ್ತು. ಹೇಳಿದವರ ಹೆಸರೂ ಬೇಕಿರಲಿಲ್ಲ.

ಅಳಿಯನ ವಿಷಯಕ್ಕೆ ಮಾತ್ರ ಹೆಸರು ಬೇಕೇ ಬೇಕು. ಅಂಥ ಮಾತು ಕಿವಿಗೆ ಬಿದ್ದ ಕೂಡಲೇ ಪೆನ್ನು ಕೆಳಗಿಡಿ. "ಇದನ್ನು ಸಭೆಗೆ ಹೇಳಿ, ಈ ವಿಷಯ ಮುಗಿಯುವವರೆಗೆ ಹೊರಗೆ ಕೂತಿರ್ರಿ" ಅಂತ ಅಲ್ಲೇ ಹೇಳಿ. ಅವರು ಎದ್ದು ಹೋದರೆ ಹೋದರು ಅಂತ ಬರೆಯಿರಿ. ಹೋಗದಿದ್ದರೆ ಹೋದರು ಅಂತ ಬರೆಯಬೇಡಿ.

ಬೈದಾಟ, ಮನೆ ಸುದ್ದಿ, ಸಾಲಗಾರನ ಕುಡಿತದ ಬಗ್ಗೆ ಆಡಿದ ಮಾತು ಇವೆಲ್ಲ ಪುಸ್ತಕಕ್ಕೆ ಬೇಡ. ಆದರೆ "ನನ್ನ ವಿರೋಧ ಇದೆ, ಬರೀರಿ" ಅಂತ ಯಾರಾದರೂ ಕೇಳಿದರೆ ಅದನ್ನು ಹೆಸರಿನ ಜೊತೆ ಬರೆಯಿರಿ.

ಸಹಿ ಆದಮೇಲೆ ಬಿಟ್ಟುಹೋದದ್ದು ನೆನಪಾದರೆ ಅಂಚಿನಲ್ಲಿ ತುರುಕಬೇಡಿ, ತಿದ್ದಿದಂತೆ ಕಾಣುತ್ತದೆ. ಮುಂದಿನ ಸಭೆಯಲ್ಲಿ ಹಿಂದಿನ ನಡಾವಳಿ ಓದುವಾಗ ಎತ್ತಿ, ತಿದ್ದುಪಡಿಯನ್ನು ಆ ದಿನದ ನಡಾವಳಿಯಲ್ಲೇ ಬರೆಯಿರಿ.