ಕೆಳಗಾಲಿನ ಮೂಳೆ ಕೂಡುವ ಕೆಲಸ ಎಲ್ಲಿ ನಿಂತಿದೆ?

ಪ್ರಶ್ನೆ: ನಮ್ಮ ಯಜಮಾನರಿಗೆ 44 ವರ್ಷ, ಬೇಸಾಯ. ಬೈಕಿನಿಂದ ಬಿದ್ದು ಎಡಗಾಲಿನ ಮೂಳೆ ಹರಡಿನಿಂದ ಸ್ವಲ್ಪ ಮೇಲೆ ಅಡ್ಡಕ್ಕೆ ಮುರಿದು, ಚರ್ಮ ಹರಿದು ಹೊರಗೆ ಬಂದಿತ್ತು. ತೊಳೆದು ರಾಡ್ ಹಾಕಿ ಐದು ತಿಂಗಳಾಯ್ತು. ಗಾಯ ಒಣಗಿದೆ, ಆದರೆ ಕಾಲೂರಿದರೆ ನೋವು. ಎಕ್ಸ್‌ರೇಯಲ್ಲಿ ಮುರಿದ ಜಾಗದ ಎರಡೂ ಬದಿ ಬಿಳಿ ಉಬ್ಬು ಬಂದಿದೆ, ನಡುವೆ ಕಪ್ಪು ಗೆರೆ ಹಾಗೇ ಇದೆ. ಸಕ್ಕರೆ ಕಾಯಿಲೆ ಇದೆ, ಮೂರು ತಿಂಗಳ ಸರಾಸರಿ 9.4. ಬೀಡಿ ಬಿಟ್ಟಿಲ್ಲ. ಒಬ್ಬ ಡಾಕ್ಟ್ರು ರಾಡಿನ ಸ್ಕ್ರೂ ತೆಗೆಯೋಣ ಅಂತಾರೆ, ಇನ್ನೊಬ್ಬರು ಸೊಂಟದ ಮೂಳೆ ತೆಗೆದು ಇಡಬೇಕು ಅಂತಾರೆ. ನೆಂಟರು ನಾಟಿ ಕಟ್ಟು ಹಾಕಿಸಿ ಅಂತಿದ್ದಾರೆ. ಯಾವುದನ್ನು ಮಾಡಿಸೋಣ?
— ಓದುಗರು, ಮದ್ದೂರು ತಾಲ್ಲೂಕು

ಉತ್ತರ: ನೀವು ಬರೆದಿರುವುದರಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು ಆ ಬಿಳಿ ಉಬ್ಬು. ಮುರಿದ ಜಾಗದ ಜೀವಕೋಶಗಳು ಬದುಕಿವೆ, ಕೆಲಸ ಮಾಡುತ್ತಿವೆ ಎಂಬುದಕ್ಕೆ ಅದೇ ಸಾಕ್ಷಿ. ಕೆಲಸ ಕೊನೆಯ ಹಂತಕ್ಕೆ ಬಂದು ಅಲ್ಲಿ ಸಿಕ್ಕಿಕೊಂಡಿದೆ. ಏಕೆ ಸಿಕ್ಕಿಕೊಂಡಿದೆ ಎಂದು ತಿಳಿದರೆ ಸ್ಕ್ರೂ ತೆಗೆಯಬೇಕೋ ಮೂಳೆ ಇಡಬೇಕೋ ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಮೂಳೆ ಮುರಿದ ಕೂಡಲೇ ಅಲ್ಲಿ ರಕ್ತ ಸೋರಿ ಹೆಪ್ಪುಗಟ್ಟುತ್ತದೆ. ಮೊದಲ ದಿನಗಳಲ್ಲಿ ಬಿಳಿ ರಕ್ತಕಣಗಳು, ಅವುಗಳ ಹಿಂದೆ ಮ್ಯಾಕ್ರೊಫೇಜ್‌ಗಳು ಬಂದು ಸತ್ತ ಚೂರುಗಳನ್ನು ತಿಂದು ತೆಗೆಯುತ್ತವೆ. ಅವು ಹೊರಬಿಡುವ ರಾಸಾಯನಿಕಗಳ ಕರೆಗೆ ಮೂಳೆಯ ಹೊರಪೊರೆಯಿಂದಲೂ ಮಜ್ಜೆಯಿಂದಲೂ ಕಾಂಡಕೋಶಗಳು ಬಂದು ಸೇರುತ್ತವೆ. ಈ ಕಾಂಡಕೋಶಗಳು ಮುಂದೆ ಏನಾಗಬೇಕೆಂಬುದನ್ನು ಸುತ್ತಲಿನ ಸ್ಥಿತಿ ನಿರ್ಧರಿಸುತ್ತದೆ. ರಕ್ತ ಚೆನ್ನಾಗಿ ಹರಿಯುವ, ಅಲುಗಾಟ ಕಡಿಮೆ ಇರುವ ಅಂಚಿನಲ್ಲಿ ಅವು ನೇರವಾಗಿ ಮೂಳೆ ಕಟ್ಟುವ ಆಸ್ಟಿಯೊಬ್ಲಾಸ್ಟ್‌ಗಳಾಗುತ್ತವೆ. ಆಮ್ಲಜನಕ ಕಡಿಮೆಯಿದ್ದು ಅಲುಗಾಟ ಹೆಚ್ಚಿರುವ ನಡುವಿನ ಬಿರುಕಿನಲ್ಲಿ ಮೃದ್ವಸ್ಥಿಯ ಕೋಶಗಳಾಗುತ್ತವೆ. ಎರಡು ಮೂರು ವಾರಕ್ಕೆ ಮುರಿದ ತುದಿಗಳನ್ನು ಸೇರಿಸುವ ಮೆತ್ತನೆಯ ಉಬ್ಬು, ಅಂದರೆ ಮೆತ್ತನೆಯ ಕ್ಯಾಲಸ್, ಸಿದ್ಧವಾಗುತ್ತದೆ. ಆಮೇಲೆ ಈ ಮೃದ್ವಸ್ಥಿ ಕೋಶಗಳು ಉಬ್ಬಿ, ಸುಣ್ಣ ಹಿಡಿದು, ಹೊಸ ರಕ್ತನಾಳಗಳನ್ನು ಒಳಗೆ ಕರೆದುಕೊಳ್ಳುತ್ತವೆ. ನಾಳಗಳ ಜೊತೆ ಬಂದ ಕೋಶಗಳು ಮೃದ್ವಸ್ಥಿಯನ್ನು ತೆಗೆದು ಆ ಜಾಗದಲ್ಲಿ ಮೂಳೆ ಹಾಕುತ್ತವೆ. ಎಕ್ಸ್‌ರೇಯಲ್ಲಿ ಬಿಳಿಯಾಗಿ ಕಾಣುವುದು ಈ ಗಟ್ಟಿ ಕ್ಯಾಲಸ್. ಅದನ್ನು ಕೆತ್ತಿ ಮೊದಲಿನ ಆಕಾರಕ್ಕೆ ತರುವ ಕೆಲಸ ಇನ್ನೂ ತಿಂಗಳು, ವರ್ಷಗಟ್ಟಲೆ ನಡೆಯುತ್ತದೆ.

ಮೃದ್ವಸ್ಥಿ ಮೂಳೆಯಾಗುವ ಆ ತಿರುವಿನಲ್ಲೇ ನಿಮ್ಮ ಯಜಮಾನರ ಕಾಲು ನಿಂತಿದೆ. ಬಿರುಕು 2 ಮಿಲಿಮೀಟರ್ ಇದೆ ಎಂದುಕೊಳ್ಳಿ. ಮೊದಲು ಬರುವ ಮೆತ್ತನೆಯ ಅಂಗಾಂಶ ತನ್ನಷ್ಟೇ ಉದ್ದ ಹಿಗ್ಗಿದರೂ ಹರಿಯುವುದಿಲ್ಲ, ಅಂದರೆ 2 ಮಿಲಿಮೀಟರ್ ಅಲುಗಾಟವನ್ನೂ ತಡೆದುಕೊಳ್ಳುತ್ತದೆ. ಮೃದ್ವಸ್ಥಿ ಶೇಕಡ 10ರಷ್ಟು, ಅಂದರೆ 0.2 ಮಿಲಿಮೀಟರ್ ತಡೆಯುತ್ತದೆ. ಮೂಳೆ ತಡೆಯುವುದು ಸುಮಾರು ಶೇಕಡ 2, ಅಂದರೆ 0.04 ಮಿಲಿಮೀಟರ್ ಮಾತ್ರ. ಅಲುಗಾಟ ಅದಕ್ಕಿಂತ ಹೆಚ್ಚಿದ್ದರೆ ಹೊಸ ಮೂಳೆ ಆ ಬಿರುಕನ್ನು ದಾಟಲಾರದು. ಅಂಚುಗಳಲ್ಲಿ ಕ್ಯಾಲಸ್ ಮತ್ತೆ ಮತ್ತೆ ಬೆಳೆದು ದಪ್ಪವಾಗುತ್ತದೆ, ನಡುವೆ ಕಪ್ಪು ಗೆರೆ ಉಳಿಯುತ್ತದೆ. ನೀವು ವಿವರಿಸಿದ ಚಿತ್ರ ಇದೇ.

ಈ ಅಲುಗಾಟಕ್ಕೆ ಕಾರಣ ಹುಡುಕಬೇಕು. ಮಜ್ಜೆಯ ನಾಳಕ್ಕೆ ರಾಡ್ ತೆಳುವಾಗಿದ್ದರೆ ಕಾಲೂರಿದಾಗಲೆಲ್ಲ ಮೂಳೆ ಒಳಗೇ ಆಡುತ್ತದೆ. ಇನ್ನೊಂದು ಸಾಧ್ಯತೆ, ರಾಡಿನ ಎರಡೂ ತುದಿಯ ಸ್ಕ್ರೂಗಳು ಮೂಳೆಯ ತುಂಡುಗಳನ್ನು ದೂರ ಹಿಡಿದು ನಿಲ್ಲಿಸಿವೆ. ಪಕ್ಕದ ಸಣ್ಣ ಮೂಳೆ ಫಿಬುಲಾ ಮುರಿಯದೇ ಇದ್ದರೆ, ಅಥವಾ ಬೇಗ ಕೂಡಿಬಿಟ್ಟಿದ್ದರೆ, ಅದೂ ಗೂಟ ಕೊಟ್ಟ ಹಾಗೆ ದೊಡ್ಡ ಮೂಳೆ ಒತ್ತಿಕೊಳ್ಳದಂತೆ ತಡೆಯುತ್ತದೆ. ಎಕ್ಸ್‌ರೇಯಲ್ಲಿ ಅದನ್ನೂ ನೋಡಿಸಿ.

ರಕ್ತದ ಕೊರತೆಯ ಪಾತ್ರವೂ ಇದೆ. ಕೆಳಗಾಲಿನ ಮೂಳೆಗೆ ಒಳಗಿನಿಂದ ರಕ್ತ ಕೊಡುವ ಮುಖ್ಯ ನಾಳ ಮೇಲ್ಭಾಗದಲ್ಲಿ, ಹಿಂಬದಿಯಿಂದ ಒಳಹೊಕ್ಕು ಕೆಳಗೆ ಹರಿಯುತ್ತದೆ. ನಮ್ಮ ಕಡೆ ನಾಲೆಯ ಕೊನೆಭಾಗದ ಗದ್ದೆಗೆ ನೀರು ಹೇಗೆ ತಡವಾಗಿ, ಕಡಿಮೆಯಾಗಿ ತಲುಪುತ್ತದೋ ಹಾಗೆಯೇ ಈ ಮೂಳೆಯ ಕೆಳಭಾಗದ ಸ್ಥಿತಿ. ಮುಂಭಾಗದಲ್ಲಿ ಚರ್ಮ ಬಿಟ್ಟರೆ ಸ್ನಾಯುವಿನ ಹೊದಿಕೆಯೂ ಇಲ್ಲ. ಚರ್ಮ ಹರಿದು ಮೂಳೆ ಹೊರಬಂದಾಗ ಹೊರಪೊರೆಯೂ ಕಳಚಿರುತ್ತದೆ. ಇಂಥ ಜಾಗದಲ್ಲಿ ಒಂದೊಂದು ಬೀಡಿಯ ನಿಕೋಟಿನ್ ಸಣ್ಣ ನಾಳಗಳನ್ನು ಇನ್ನಷ್ಟು ಬಿಗಿಯುತ್ತದೆ, ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತದ ಆಮ್ಲಜನಕವನ್ನು ತಗ್ಗಿಸುತ್ತದೆ. ಧೂಮಪಾನಿಗಳಲ್ಲಿ ಮೂಳೆ ಕೂಡದೇ ಹೋಗುವ ಅಪಾಯ ಸುಮಾರು ಎರಡು ಪಟ್ಟು. ಸಕ್ಕರೆಯ ತೊಂದರೆ ಬೇರೆ ರೀತಿಯದು: ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮಧುಮೇಹವಿದ್ದಾಗ ಉರಿಯೂತ ತಣಿಯದೆ, ಮೂಳೆಯಾಗುವ ಮುಂಚೆಯೇ ಮೃದ್ವಸ್ಥಿ ಕರಗಿಹೋಗುವುದು ಕಂಡುಬಂದಿದೆ. 9.4 ಎಂಬುದು ಯಾವ ಶಸ್ತ್ರಚಿಕಿತ್ಸೆಗೂ ಹೆಚ್ಚೇ. 7.5ರ ಹತ್ತಿರಕ್ಕಾದರೂ ತರಬೇಕು.

ಈಗ ನಿಮ್ಮ ಆಯ್ಕೆಗಳಿಗೆ ಬರೋಣ. ಸೊಂಟದ ಮೂಳೆ ಇಡುವುದು ಹೆಚ್ಚಾಗಿ ಬೇಕಾಗುವುದು ತುದಿಗಳು ಸವೆದು ಚೂಪಾಗಿ, ಕ್ಯಾಲಸ್ಸೇ ಇಲ್ಲದಿದ್ದಾಗ. ಅಲ್ಲಿ ಕೋಶಗಳೇ ಸಾಲದು, ಹೊರಗಿನಿಂದ ತಂದು ಕೊಡಬೇಕು. ನಿಮ್ಮವರಲ್ಲಿ ಕೋಶಗಳಿವೆ, ಅವಕ್ಕೆ ಬೇಕಿರುವುದು ಒತ್ತಡ ಮತ್ತು ಸ್ಥಿರತೆ. ಆದ್ದರಿಂದ ಸ್ಕ್ರೂ ತೆಗೆಯೋಣ ಎಂದ ವೈದ್ಯರ ಮಾತು ನನಗೆ ಸರಿ ಎನಿಸುತ್ತದೆ. ಮುರಿತ ಅಡ್ಡಕ್ಕಿರುವುದು ಅದಕ್ಕೆ ಅನುಕೂಲ, ಕಾಲೂರಿದಾಗ ತುದಿಗಳು ಒಂದನ್ನೊಂದು ನೇರ ಒತ್ತುತ್ತವೆ. ಓರೆಯಾಗಿ ಅಥವಾ ಚೂರುಚೂರಾಗಿ ಮುರಿದಿದ್ದರೆ ಕಾಲು ಗಿಡ್ಡವಾಗುವ ಭಯವಿರುತ್ತಿತ್ತು. ಮುರಿತ ಕೆಳಗಿರುವುದರಿಂದ ಸಾಮಾನ್ಯವಾಗಿ ತೆಗೆಯುವುದು ಮಂಡಿಯ ಕಡೆಯ ಸ್ಕ್ರೂ. ಕೆಳಗಿನ ಗಿಡ್ಡ ತುಂಡಿನ ಹಿಡಿತ ಸಡಿಲವಾಗಬಾರದು. ರಾಡ್ ತೆಳುವಾಗಿದೆ ಎಂದು ಕಂಡರೆ ಮಾತ್ರ ಸ್ಕ್ರೂ ತೆಗೆಯುವುದು ಸಾಲದು. ಮಜ್ಜೆಯ ನಾಳವನ್ನು ಕೊರೆದು, ಈಗಿನದಕ್ಕಿಂತ ಒಂದೆರಡು ಮಿಲಿಮೀಟರ್ ಹೆಚ್ಚು ದಪ್ಪದ ರಾಡ್ ಹಾಕಬೇಕಾಗುತ್ತದೆ.

ಇದಕ್ಕೆಲ್ಲ ಮುಂಚೆ ಸೋಂಕಿಲ್ಲವೆಂದು ಖಚಿತವಾಗಬೇಕು. ಮೂಳೆ ಹೊರಬಂದಿದ್ದ ಗಾಯವಾದ್ದರಿಂದ ಮೇಲೆ ಒಣಗಿದ್ದರೂ ಒಳಗೆ ಕೀವು ಇರಬಹುದು. ಇಎಸ್‌ಆರ್ ಮತ್ತು ಸಿಆರ್‌ಪಿ ರಕ್ತಪರೀಕ್ಷೆ ಮಾಡಿಸಿ. ರಾತ್ರಿ ಮಲಗಿದಾಗಲೂ ನೋವು, ಆ ಜಾಗ ಬಿಸಿ, ಗಾಯದ ಗುರುತಿನಿಂದ ಸಣ್ಣಗೆ ಸೋರುವುದು ಇದ್ದರೆ ತಪ್ಪದೆ ಹೇಳಿ. ಎರಡೂ ಪರೀಕ್ಷೆ ಸಹಜವಾಗಿ ಬಂದರೂ ಅನುಮಾನವಿದ್ದರೆ ಶಸ್ತ್ರಚಿಕಿತ್ಸೆಯ ವೇಳೆ ಒಳಗಿನ ಅಂಗಾಂಶವನ್ನು ಕಲ್ಚರ್‌ಗೆ ಕಳಿಸುತ್ತಾರೆ. ಸೋಂಕು ಸಿಕ್ಕರೆ ಚಿಕಿತ್ಸೆಯ ದಾರಿಯೇ ಬೇರೆ.

ನಾಟಿ ಕಟ್ಟು ಬೇಡ. ರಾಡ್ ಒಳಗಿರುವಾಗ ಹೊರಗಿನ ಬಿದಿರು ಪಟ್ಟಿಯಿಂದ ಹೆಚ್ಚಿನ ಹಿಡಿತ ಸಿಗುವುದಿಲ್ಲ. ಎಣ್ಣೆ ಹಚ್ಚಿ ನೀವುವುದು ನಾವು ಕಡಿಮೆ ಮಾಡಬೇಕಿರುವ ಅಲುಗಾಟವನ್ನೇ ಹೆಚ್ಚಿಸುತ್ತದೆ, ಗಾಯದ ಮೇಲಿನ ತೆಳು ಚರ್ಮವೂ ಕಿತ್ತುಬರಬಹುದು. ಮೆಡಿಕಲ್ ಅಂಗಡಿಯಿಂದ ದಿನವೂ ನೋವಿನ ಮಾತ್ರೆ ಡೈಕ್ಲೊಫೆನಾಕ್ ತರುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಮೂಳೆ ಕಟ್ಟಲು ಬೇಕಾದ ಪ್ರೊಸ್ಟಗ್ಲಾಂಡಿನ್‌ಗಳನ್ನು ಈ ಮಾತ್ರೆಗಳು ತಗ್ಗಿಸುತ್ತವೆ. ಮನುಷ್ಯರಲ್ಲಿ ಇದರಿಂದ ಎಷ್ಟು ಹಾನಿ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಆದರೂ ಕೂಡದ ಮೂಳೆ ಇರುವವರಿಗೆ ತಿಂಗಳುಗಟ್ಟಲೆ ಕೊಡಲು ನಾನು ಒಪ್ಪುವುದಿಲ್ಲ.

ಐದು ತಿಂಗಳಿಗೆ ಇದನ್ನು ತಡವಾದ ಕೂಡಿಕೆ ಎನ್ನುತ್ತೇವೆ. ಒಂಬತ್ತು ತಿಂಗಳಾಗಿ, ಕೊನೆಯ ಮೂರು ತಿಂಗಳ ಎಕ್ಸ್‌ರೇಗಳಲ್ಲಿ ಏನೂ ಮುಂದುವರಿಯದಿದ್ದರೆ ಕೂಡದ ಮೂಳೆ ಎಂದು ಪರಿಗಣಿಸುವುದು ವಾಡಿಕೆ. ಸ್ಕ್ರೂ ತೆಗೆದ ಮೇಲೆ ವೈದ್ಯರು ಹೇಳಿದಷ್ಟು ಭಾರ ಹಾಕಿ ನಡೆಯಲೇಬೇಕು, ಮಲಗಿದ್ದರೆ ಆ ಒತ್ತಡ ಹುಟ್ಟುವುದಿಲ್ಲ. ಆರು ವಾರಕ್ಕೊಮ್ಮೆ ಮುಂದಿನಿಂದ ಮತ್ತು ಪಕ್ಕದಿಂದ ಎಕ್ಸ್‌ರೇ ತೆಗೆಸಿ, ಹಳೆಯದನ್ನೂ ಜೊತೆಗಿಟ್ಟು ತೋರಿಸಿ. ಎರಡೂ ಚಿತ್ರ ಸೇರಿ ಕಾಣುವ ನಾಲ್ಕು ಅಂಚುಗಳಲ್ಲಿ ಮೂರರಲ್ಲಿ ಬಿಳಿ ಸೇತುವೆ ಕಟ್ಟಿ, ಕಾಲೂರಿದಾಗ ನೋವಿಲ್ಲದಿದ್ದರೆ ಕೂಡಿತು ಎಂದೇ ಲೆಕ್ಕ. ಮೂರು ತಿಂಗಳಾದರೂ ಗೆರೆ ಕಿರಿದಾಗದಿದ್ದರೆ ದಪ್ಪ ರಾಡ್ ಹಾಕುವ ಬಗ್ಗೆ ಮಾತಾಡಿ. ಸೊಂಟದ ಮೂಳೆಯ ಪ್ರಶ್ನೆ ಅದಾದ ಮೇಲಿನದು.