ಕಚೇರಿಯ ಸಹಪ್ರಯಾಣಿಕರಿಂದ ಹಣ ಪಡೆದರೆ ಕಾರಿನ ವಿಮೆ ಉಳಿಯುತ್ತದೆಯೇ?

ಪ್ರಶ್ನೆ: ಪುಣೆಯ ಕೋಥ್ರೂಡ್‌ನಿಂದ ಹಿಂಜವಡಿಗೆ ದಿನವೂ ನನ್ನ ಕಾರಿನಲ್ಲಿ ಹೋಗುತ್ತೇನೆ. ಮೂವರು ಸಹೋದ್ಯೋಗಿಗಳನ್ನು ಕೂರಿಸಿಕೊಂಡು ಒಂದಿಷ್ಟು ಹಣ ಪಡೆಯಬಹುದೇ? ವಾರಾಂತ್ಯದಲ್ಲಿ ಬಾಡಿಗೆಗೂ ಕೊಡುವ ಯೋಚನೆಯಿದೆ. ಅಪಘಾತವಾದರೆ ವಿಮೆಯವರು ಕೈ ಎತ್ತಿಬಿಡುತ್ತಾರೆಯೇ?

ಉತ್ತರ: ನಾನು ಪುಣೆಯಲ್ಲೇ ಮೋಟಾರು ವಿಮೆಯ ಕ್ಲೇಮುಗಳನ್ನು ನೋಡುವ ಕೆಲಸದಲ್ಲಿರುವುದರಿಂದ, ನಿಮ್ಮ ಪಾಲಿಸಿಯ ಒಂದು ಸಾಲಿನಿಂದಲೇ ಆರಂಭಿಸುತ್ತೇನೆ. ಪಾಲಿಸಿಯೊಂದಿಗೆ ಬಂದಿರುವ ವಿಮಾ ಪ್ರಮಾಣಪತ್ರದಲ್ಲಿ ವಾಹನದ ಬಳಕೆಗೆ ಇರುವ ಮಿತಿಗಳನ್ನು ಹೇಳುವ ಪುಟ್ಟ ಪರಿಚ್ಛೇದವೊಂದಿದೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಅದು ಎಲ್ಲ ಕಂಪನಿಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿದ್ದು, ಕಾರನ್ನು ಯಾವ ಕೆಲಸಕ್ಕಾದರೂ ಬಳಸಬಹುದು, ಆದರೆ ಬಾಡಿಗೆ ಅಥವಾ ಪ್ರತಿಫಲಕ್ಕಾಗಿ, ಸರಕು ಸಾಗಣೆಗಾಗಿ, ರೇಸಿಗಾಗಿ ಬಳಸಕೂಡದು ಎನ್ನುತ್ತದೆ. ಇದಕ್ಕಿಂತಲೂ ಮುಖ್ಯವಾದದ್ದು ಪಾಲಿಸಿಯ ಎರಡನೇ ಭಾಗ, ಅಂದರೆ ಥರ್ಡ್ ಪಾರ್ಟಿ ಹೊಣೆಯ ಭಾಗ. ಕಾರಿನೊಳಗೆ ಕುಳಿತವರ ಸಾವು ಅಥವಾ ಗಾಯಕ್ಕೂ ಕಂಪನಿ ಹೊಣೆ ಎಂದು ಅಲ್ಲಿ ಹೇಳಿ, ಅವರನ್ನು ಬಾಡಿಗೆ ಅಥವಾ ಪ್ರತಿಫಲಕ್ಕಾಗಿ ಕರೆದೊಯ್ಯುತ್ತಿರಬಾರದು ಎಂಬ ಷರತ್ತನ್ನು ಬಿಡದೆ ಸೇರಿಸಿದ್ದಾರೆ. ನಿಮ್ಮ ಮೂವರು ಸಹೋದ್ಯೋಗಿಗಳ ರಕ್ಷಣೆ ನಿಂತಿರುವುದು ಈ ಷರತ್ತಿನ ಮೇಲೆಯೇ.

ಪ್ರತಿಫಲವೆಂದರೆ ಲಾಭವೋ, ಪೆಟ್ರೋಲಿನ ಪಾಲೂ ಅದರಲ್ಲಿ ಸೇರುತ್ತದೆಯೋ ಎಂಬುದು ಸಹಜವಾಗಿ ಏಳುವ ಪ್ರಶ್ನೆ. ಪಾಲಿಸಿಯ ಆ ಸಾಲುಗಳಲ್ಲಿ ಖರ್ಚು ಹಂಚಿಕೊಳ್ಳುವವರಿಗೆಂದು ಬೇರೆ ವಿನಾಯಿತಿ ಬರೆದಿಲ್ಲವಾದ್ದರಿಂದ, ವಾದ ನಿಲ್ಲುವುದು ಕಾಗದಪತ್ರಗಳ ಬಲದ ಮೇಲೆ. ನಿಮ್ಮದೇ ಲೆಕ್ಕ ಹಾಕೋಣ. ಹೋಗಿಬರುವುದು ದಿನಕ್ಕೆ 40 ಕಿ.ಮೀ., ತಿಂಗಳಿಗೆ 22 ದಿನ ಎಂದರೆ 880 ಕಿ.ಮೀ. ಆಗುತ್ತದೆ. ಚಾಂದನಿ ಚೌಕ, ವಾಕಡ್‌ಗಳ ದಟ್ಟಣೆಯಲ್ಲಿ ಲೀಟರಿಗೆ 15 ಕಿ.ಮೀ. ಸಿಗುತ್ತದೆಂದೂ ಪೆಟ್ರೋಲಿಗೆ ₹105 ಎಂದೂ ಹಿಡಿದರೆ ತಿಂಗಳಿಗೆ ಸುಮಾರು ₹6,200 ಖರ್ಚು. ನಿಮ್ಮನ್ನೂ ಸೇರಿಸಿ ನಾಲ್ವರಿಗೆ ಹಂಚಿದರೆ ತಲೆಗೆ ₹1,550 ಬರುತ್ತದೆ. ಮೂವರಿಂದ ನಿಮ್ಮ ಕೈಗೆ ಬರುವುದು ₹4,650, ಉಳಿದ ಪಾಲು ನಿಮ್ಮದೇ. ಇದನ್ನು ಖರ್ಚಿನ ಹಂಚಿಕೆ ಎಂದು ಸಮರ್ಥಿಸಬಹುದು. ಅದೇ ಒಬ್ಬೊಬ್ಬರಿಂದ ಒಂದು ಸಲಕ್ಕೆ ₹60 ಪಡೆದರೆ ತಿಂಗಳಿಗೆ ₹7,920 ಆಗಿ ಇಂಧನದ ಪೂರ್ತಿ ಖರ್ಚನ್ನು ದಾಟುತ್ತದೆ, ಆಗ ಅದನ್ನು ಹಂಚಿಕೆಯೆಂದು ಹೇಳುವುದು ನನಗಂತೂ ಕಷ್ಟ. ಸರಿಯಾಗಿ ಹೇಳಬೇಕೆಂದರೆ, ನೀವು ಬಳಸಿದ "ಒಂದಿಷ್ಟು ಹಣ" ಎಂಬ ಮಾತೇ ಎರಡನೆಯ ಲೆಕ್ಕದ ಕಡೆಗೆ ವಾಲುತ್ತದೆ.

ಕಂಪನಿಗೆ ಇದು ಹೇಗೆ ತಿಳಿಯುತ್ತದೆ ಎಂದು ಹಲವರು ನಕ್ಕುಬಿಡುತ್ತಾರೆ. ಕ್ಲೇಮ್ ಫಾರ್ಮಿನಲ್ಲಿ ಅಪಘಾತದ ಸಮಯದಲ್ಲಿ ಕಾರು ಯಾವ ಉದ್ದೇಶಕ್ಕೆ ಓಡುತ್ತಿತ್ತು, ಒಳಗೆ ಎಷ್ಟು ಜನರಿದ್ದರು ಎಂಬ ಕಾಲಂಗಳಿರುತ್ತವೆ. ಅದಕ್ಕೂ ಮೊದಲೇ, ಆಸ್ಪತ್ರೆಯಲ್ಲಿ ಪೊಲೀಸರು ಹೇಳಿಕೆ ಬರೆದುಕೊಳ್ಳುವಾಗ, ಗಾಯಗೊಂಡವರು ಯಾವ ದುರುದ್ದೇಶವೂ ಇಲ್ಲದೆ "ನಾವು ಇವರ ಕಾರಿಗೆ ತಿಂಗಳಿಗಿಷ್ಟು ಕೊಡುತ್ತೇವೆ" ಎಂದುಬಿಡುತ್ತಾರೆ. ಯುಪಿಐ ಪಾವತಿಯ ಟಿಪ್ಪಣಿಯಲ್ಲಿ "ಕ್ಯಾಬ್, ಜೂನ್" ಎಂದು ಬರೆದಿರುತ್ತದೆ, ವಾಟ್ಸಾಪ್ ಗುಂಪಿನಲ್ಲಿ ದರಪಟ್ಟಿ ಇರುತ್ತದೆ. ಆ್ಯಪ್ ಮೂಲಕ ಸೀಟು ಕೊಟ್ಟಿದ್ದರಂತೂ ಪ್ರತಿ ಸವಾರಿಯ ದಾಖಲೆಯೇ ಸಿದ್ಧವಾಗಿರುತ್ತದೆ.

ಷರತ್ತು ಮುರಿದದ್ದು ಸಾಬೀತಾದರೆ ಎರಡು ಬಗೆಯ ನಷ್ಟವಿದೆ, ಅವುಗಳ ತೂಕ ಒಂದೇ ಅಲ್ಲ. ನಿಮ್ಮ ಕಾರಿನ ದುರಸ್ತಿಯ ಕ್ಲೇಮನ್ನು ಕಂಪನಿ ಮೊದಲಿಗೆ ತಿರಸ್ಕರಿಸಬಹುದು. ಆದರೆ 2008ರ ನಿತಿನ್ ಖಂಡೇಲ್‌ವಾಲ್ ಹಾಗೂ 2010ರ ಅಮಲೇಂದು ಸಾಹೂ ಪ್ರಕರಣಗಳಲ್ಲಿ, ಖಾಸಗಿ ವಾಹನವನ್ನು ಬಾಡಿಗೆಗೆ ಬಳಸಿದ್ದರೂ ಕ್ಲೇಮನ್ನು ಪೂರ್ತಿ ನಿರಾಕರಿಸದೆ, ನಾನ್-ಸ್ಟ್ಯಾಂಡರ್ಡ್ ಎಂದು ಪರಿಗಣಿಸಿ ಒಂದು ಭಾಗವನ್ನು ಕೊಡಬೇಕೆಂಬ ನಿಲುವನ್ನು ಸುಪ್ರೀಂ ಕೋರ್ಟ್ ಒಪ್ಪಿದೆ. ₹1,20,000ದ ದುರಸ್ತಿಗೆ ಶೇ. 75ರಂತೆ ಹೆಚ್ಚೆಂದರೆ ₹90,000 ದೊರೆಯಬಹುದು, ಅದೂ ಗ್ರಾಹಕ ಆಯೋಗದವರೆಗೆ ಹೋಗುವ ತಾಳ್ಮೆಯಿದ್ದರೆ.

ನಿಜವಾಗಿ ಅಂಜಬೇಕಾದದ್ದು ಇನ್ನೊಂದಕ್ಕೆ. ಐ.ಟಿ. ಸಂಬಳದ ಮೂವತ್ತೈದರ ಸಹೋದ್ಯೋಗಿಯೊಬ್ಬರಿಗೆ ಶಾಶ್ವತ ಅಂಗವೈಕಲ್ಯ ಉಂಟಾಯಿತೆನ್ನಿ. ಮೋಟಾರು ಅಪಘಾತ ನ್ಯಾಯಮಂಡಳಿ ಅವರ ಸಂಬಳ ಮತ್ತು ವಯಸ್ಸನ್ನು ಆಧರಿಸಿ ಪರಿಹಾರ ನಿಗದಿಪಡಿಸುವುದರಿಂದ ಮೊತ್ತ ಕೋಟಿ ಮುಟ್ಟುವುದು ಅಸಾಧ್ಯವೇನಲ್ಲ. ಪರ್ಮಿಟ್ ಇಲ್ಲದ ವಾಹನವನ್ನು ಬಾಡಿಗೆಗೆ ಬಳಸಿದ್ದಾರೆ ಎಂಬ ಪ್ರತಿವಾದವನ್ನು ಮೋಟಾರು ವಾಹನ ಕಾಯ್ದೆಯೇ ವಿಮಾ ಕಂಪನಿಗೆ ಒದಗಿಸಿದೆ. ನ್ಯಾಯಮಂಡಳಿಯು ಕೆಲವೊಮ್ಮೆ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎನ್ನುತ್ತದೆ. ಗಾಯಾಳುವಿಗೆ ಅದು ನ್ಯಾಯವೇ, ಆದರೆ ವಸೂಲಾತಿಯ ನೋಟಿಸು ಬರುವುದು ನಿಮ್ಮ ಮನೆಗೆ. ಇದಲ್ಲದೆ ಪರ್ಮಿಟ್ ಇಲ್ಲದೆ ಓಡಿಸಿದ್ದಕ್ಕೆ ಕಲಂ 192ಎ ಪ್ರಕಾರ ಮೊದಲ ಸಲಕ್ಕೇ ₹10,000 ದಂಡ ಮತ್ತು ಆರು ತಿಂಗಳವರೆಗಿನ ಸೆರೆವಾಸಕ್ಕೆ ಅವಕಾಶವಿದೆ.

ಸರ್ಕಾರ ಅನುಮತಿ ಕೊಟ್ಟರೆ ವಿಮೆಯ ಗೊಡವೆ ತೀರಿತು ಎಂದು ಭಾವಿಸಬೇಡಿ. ಕೇಂದ್ರದ 2020ರ ಮಾರ್ಗಸೂಚಿ ಆ್ಯಪ್ ಮೂಲಕ ಖಾಸಗಿ ಕಾರಿನ ಸಹಪ್ರಯಾಣಕ್ಕೆ ಮಿತಿಗಳೊಂದಿಗೆ ದಾರಿ ತೆರೆದಿತ್ತು. ಮಹಾರಾಷ್ಟ್ರ ಸರ್ಕಾರ 2023ರ ಜನವರಿಯಲ್ಲಿ ಬಿಳಿ ಫಲಕದ ವಾಹನಗಳಿಗೆ ಅದನ್ನು ನಿಷೇಧಿಸಿತು. ನೀತಿ ಯಾವ ಕಡೆಗೆ ತಿರುಗಿದರೂ ಪಾಲಿಸಿಯ ಆ ಸಾಲು ತಾನಾಗಿ ಅಳಿಸಿಹೋಗುವುದಿಲ್ಲ, ಏಕೆಂದರೆ ಅದು ನಿಮಗೂ ಕಂಪನಿಗೂ ನಡುವಿನ ಪ್ರತ್ಯೇಕ ಒಪ್ಪಂದ.

ಆದ್ದರಿಂದ ನನ್ನ ಸಲಹೆ ಹೀಗಿದೆ. ನಾಲ್ವರ ಬಳಿಯೂ ಕಾರಿದ್ದರೆ ವಾರಕ್ಕೊಬ್ಬರಂತೆ ಸರದಿಯಲ್ಲಿ ಓಡಿಸಿ. ಹಣ ಕೈ ಬದಲಾಗದಿರುವಾಗ ಪ್ರತಿಫಲದ ಆರೋಪ ನಿಲ್ಲುವುದು ಬಹಳ ಕಷ್ಟ. ಆದರೆ ನಾಲ್ವರದೂ ಸಮಗ್ರ ಪಾಲಿಸಿಯಾಗಿರಬೇಕು, ಏಕೆಂದರೆ ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಉಚಿತವಾಗಿ ಕುಳಿತವರಿಗೂ ರಕ್ಷಣೆ ಇರುವುದಿಲ್ಲ. ಹಣ ಪಡೆಯಲೇಬೇಕೆಂದರೆ ಪಾಲು ಇಂಧನದ ನಾಲ್ಕನೇ ಒಂದನ್ನು ದಾಟದಿರಲಿ, ಮತ್ತು ಮೊದಲೇ ಕಂಪನಿಗೆ ಇ-ಮೇಲ್ ಬರೆದು ಲಿಖಿತ ಉತ್ತರ ಪಡೆಯಿರಿ. ಏಜೆಂಟರು ಫೋನಿನಲ್ಲಿ "ಏನೂ ಆಗಲ್ಲ ಸರ್" ಎಂದದ್ದು ಎಲ್ಲಿಯೂ ದಾಖಲೆಯಾಗುವುದಿಲ್ಲ. ನಿಜವಾದ ಆದಾಯವೇ ಬೇಕೆಂದಾದರೆ ಆರ್‌ಟಿಒದಲ್ಲಿ ಹಳದಿ ಫಲಕಕ್ಕೆ ಬದಲಿಸಿಕೊಳ್ಳಬೇಕು. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ, 1000ದಿಂದ 1500 ಸಿಸಿ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ₹3,416. ಅದೇ ಕಾರು ಟ್ಯಾಕ್ಸಿಯಾದರೆ ₹7,940 ಮತ್ತು ಪ್ರತಿ ಪ್ರಯಾಣಿಕರಿಗೆ ₹978, ಅಂದರೆ ನಾಲ್ವರಿಗೆ ತೆರಿಗೆ ಬಿಟ್ಟು ₹11,852. ಪರ್ಮಿಟ್, ಫಿಟ್ನೆಸ್ ಖರ್ಚು ಬೇರೆ. ಮೂವರು ಸಹೋದ್ಯೋಗಿಗಳಿಗಾಗಿ ಇಷ್ಟೆಲ್ಲ ಮಾಡುವುದು ನನಗೆ ಲಾಭವೆಂದು ಕಾಣುವುದಿಲ್ಲ.

ವಾರಾಂತ್ಯದ ಬಾಡಿಗೆಯ ವಿಚಾರವನ್ನಂತೂ ಕೈಬಿಡಿ. ಚಾಲಕನಿಲ್ಲದೆ ಬಾಡಿಗೆಗೆ ಕೊಡುವ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು, ಗೋವಾದಲ್ಲಿ ನೀವು ಅಂಥ ಕಾರುಗಳನ್ನು ಬೇಕಾದಷ್ಟು ನೋಡಿರುತ್ತೀರಿ. 1989ರ ರೆಂಟ್-ಎ-ಕ್ಯಾಬ್ ಯೋಜನೆಯಂತೂ ಪರವಾನಗಿಗೆ ಕನಿಷ್ಠ 50 ಕಾರುಗಳನ್ನು ಕೇಳುತ್ತದೆ. ಒಯ್ದವನು ಕಾರನ್ನು ಹಿಂತಿರುಗಿಸದೆ ಹೋದರೆ, ನೀವಾಗಿಯೇ ಕೀಲಿ ಕೊಟ್ಟಿದ್ದರಿಂದ ಅದು ಕಳವಲ್ಲ, ನಂಬಿಕೆದ್ರೋಹ ಎಂದು ಕಂಪನಿ ವಾದಿಸಬಹುದು; ಪಾಲಿಸಿಯಲ್ಲಿರುವುದು ಕಳವಿಗೆ ರಕ್ಷಣೆ. ಯಾವುದಾದರೂ ಆ್ಯಪ್ "ಪೂರ್ಣ ರಕ್ಷಣೆ" ಎಂದು ಹೇಳಿದರೆ, ಅದು ವಿಮಾ ಕಂಪನಿಯೊಂದು ನಿಮ್ಮ ಕಾರಿನ ನೋಂದಣಿ ಸಂಖ್ಯೆಗೆ ಕೊಟ್ಟ ಪಾಲಿಸಿಯೋ, ಆ್ಯಪಿನವರೇ ಷರತ್ತುಗಳಲ್ಲಿ ಬರೆದುಕೊಂಡ ಭರವಸೆಯೋ ಎಂದು ವಿಚಾರಿಸಿ, ಪಾಲಿಸಿಯೇ ಆಗಿದ್ದರೆ ಅದರ ಪ್ರತಿಯನ್ನು ಕೇಳಿ ಪಡೆಯಿರಿ.